ಒಂದೇ ಚಪ್ಪರಮಂಚಕ್ಕೆ ಮೂರು ರೇಟು, ಪಾಲು ಮಾಡುವಾಗ ಯಾವುದನ್ನು ಹಿಡಿಯೋದು?

ಓದುಗರ ಪ್ರಶ್ನೆ: "ಸರ್, ನಮ್ಮ ಮನೆ ಬ್ರಹ್ಮಾವರದ ಹತ್ರ. ಅಜ್ಜನ ಕಾಲದ ಬೀಟಿ ಮರದ ಚಪ್ಪರಮಂಚ ಒಂದು ಉಂಟು, ನೂರು ವರ್ಷದ ಮೇಲಾಯ್ತು ಅಂತ ಅಪ್ಪ ಹೇಳ್ತಿದ್ರು. 2022ರಲ್ಲಿ ಮನೆ ಇನ್ಶೂರೆನ್ಸ್ ಮಾಡಿಸುವಾಗ ಒಬ್ರು ವ್ಯಾಲ್ಯುವರ್ ಬಂದು 6.20 ಲಕ್ಷ ಅಂತ ಬರೆದು ಕೊಟ್ರು. ಈಗ ಅಪ್ಪ ಇಲ್ಲ, ನಾವು ಮೂರು ಜನ ಮಕ್ಕಳು ಪಾಲು ಮಾಡ್ಕೊಳ್ಬೇಕು. ಇನ್ನೊಬ್ರು ವ್ಯಾಲ್ಯುವರ್ ಮಾರ್ಕೆಟ್ ವ್ಯಾಲ್ಯೂ 2.50 ಲಕ್ಷ ಅಂದ್ರು. ಬೆಂಗಳೂರಿನ ಒಂದು ಆಕ್ಷನ್ ಹೌಸಿಗೆ ಫೋಟೋ ಕಳ್ಸಿದ್ದಕ್ಕೆ 1.80ರಿಂದ 2.40 ಲಕ್ಷ ಎಸ್ಟಿಮೇಟ್ ಕೊಟ್ಟು, ಎದುರಿನ ಎರಡು ಕಾಲು ಬದಲಾದ ಹಾಗೆ ಕಾಣ್ತದೆ ಅಂತ ಬರ್ದಿದ್ದಾರೆ. ಮಂಚ ನಾನು ಇಟ್ಕೊಳ್ತೇನೆ. ಮುಂಬೈಯಲ್ಲಿರುವ ಅಣ್ಣ 6.20ರ ಲೆಕ್ಕದಲ್ಲೇ ಪಾಲು ಕೊಡು ಅಂತಾನೆ. ಇವರಲ್ಲಿ ಯಾರು ಸುಳ್ಳು ಹೇಳ್ತಿದ್ದಾರೆ?"

ಉತ್ತರ:

ಯಾರೂ ಸುಳ್ಳು ಹೇಳ್ತಿಲ್ಲ ಅಕ್ಕ. ಮೂರು ಜನರಿಗೆ ಸಿಕ್ಕಿದ ಪ್ರಶ್ನೆ ಬೇರೆ ಬೇರೆ. ಇನ್ಶೂರೆನ್ಸಿಗೆ ಬರೆದವರಿಗೆ ಇದ್ದ ಪ್ರಶ್ನೆ, ಮಂಚ ನಾಳೆ ಬೆಂಕಿಗೆ ಹೋದ್ರೆ ಅಂಥದ್ದೇ ಇನ್ನೊಂದನ್ನು ಹುಡುಕಿ ತಂದು ಇದೇ ಕೋಣೆಯಲ್ಲಿ ನಿಲ್ಸಲಿಕ್ಕೆ ಎಷ್ಟು ಖರ್ಚಾಗ್ತದೆ ಅಂತ. ಎರಡನೆಯವರಿಗೆ ಇದ್ದದ್ದು, ಅವಸರ ಇಲ್ಲದ ಮಾರುವವರು, ಅವಸರ ಇಲ್ಲದ ಕೊಳ್ಳುವವರು, ಇಬ್ರಿಗೂ ವಸ್ತುವಿನ ವಿಷಯ ಸರಿಯಾಗಿ ಗೊತ್ತಿದ್ರೆ ಎಷ್ಟಕ್ಕೆ ಕೈ ಬದಲಾಗ್ತದೆ ಅಂತ. ಆಕ್ಷನಿನವರಿಗೆ ಇದ್ದದ್ದು, ಇಂತಹ ದಿವಸ ನಮ್ಮ ಹಾಲಿನಲ್ಲಿ ಸುತ್ತಿಗೆ ಬೀಳುವಾಗ ಎಷ್ಟಕ್ಕೆ ಬಿದ್ದೀತು ಅಂತ. ಖರ್ಚು, ಬೆಲೆ, ಅಂದಾಜು ಅಂತ ಮೂರಕ್ಕೂ ಬೇರೆ ಬೇರೆ ಹೆಸರು ಇಟ್ಕೊಳ್ಳಿ, ಅರ್ಧ ಗೊಂದಲ ಅಲ್ಲಿಗೇ ಹೋಗ್ತದೆ. ನಿಮ್ಮಣ್ಣ ಹಿಡ್ಕೊಂಡಿರೋದು ಖರ್ಚಿನ ಅಂಕೆಯನ್ನು, ಪಾಲು ಮಾಡ್ಲಿಕ್ಕೆ ಬೇಕಾದ್ದು ಬೆಲೆಯ ಅಂಕೆ.

ಮೊದಲು 6.20 ಹೇಗೆ ಬಂತು ಅಂತ ಬಿಡಿಸಿ ನೋಡುವ. ಆ ರಿಪೋರ್ಟ್ ನನ್ನ ಕೈಯಲ್ಲಿಲ್ಲ, ಆದ್ರೆ ಇಂಥ ಲೆಕ್ಕ ನಾನೇ ಎಷ್ಟೋ ಸಲ ಮಾಡಿದ್ದೇನೆ, ಹೆಚ್ಚುಕಮ್ಮಿ ಹೀಗೇ ಇರ್ತದೆ. ಒಳ್ಳೆ ಅಂಗಡಿಯಲ್ಲಿ, ಕಾಲು ಚಪ್ಪರ ಎಲ್ಲ ಸರಿ ಇದ್ದು ಪಾಲಿಶ್ ಆಗಿ ನಿಂತ ಅಂಥದ್ದೇ ಮಂಚಕ್ಕೆ ಟ್ಯಾಗಿನ ಬೆಲೆ 5 ಲಕ್ಷ ಅಂತ ಇಡಿ. ಟ್ಯಾಕ್ಸು ಮತ್ತೆ ಹುಡುಕಿ ಕೊಟ್ಟವರ ಕಮಿಷನ್ ಸೇರಿ 60 ಸಾವಿರ. ಬಿಚ್ಚಿ, ಕಂಬಳಿ ಸುತ್ತಿ, ಘಾಟಿ ಇಳಿಸಿ ತರ್ಲಿಕ್ಕೆ 35 ಸಾವಿರ. ಇಲ್ಲಿ ಆಚಾರಿ ಬಂದು ಕೂಡಿಸಿ, ಬೆಣೆ ಹೊಡ್ದು, ಬಣ್ಣ ಹೊಂದಿಸ್ಲಿಕ್ಕೆ 25 ಸಾವಿರ. ಒಟ್ಟು 6.20. ಇದ್ರಲ್ಲಿ ದೊಡ್ಡ ಭಾಗ ಯಾವುದು ಅಂದ್ರೆ ಆ 5 ಲಕ್ಷದ ಒಳಗೆ ಕೂತಿರುವ ಅಂಗಡಿಯವರ ಪಾಲು. ಅವರು ಆ ಮಂಚವನ್ನು ಯಾವುದೋ ಮನೆಯಿಂದ ತಂದು, ರಿಪೇರಿ ಮಾಡ್ಸಿ, ಗೋಡೌನಿನಲ್ಲಿ ಎರಡು ಮೂರು ವರ್ಷ ಇಟ್ಟು, ಬಾಡಿಗೆ ಕಟ್ಟಿ, ಕೊನೆಗೊಂದು ದಿನ ಗಿರಾಕಿ ಬಂದಾಗ ಮಾರಿರ್ತಾರೆ, ಅಷ್ಟು ದಿನ ದುಡ್ಡು ಕಟ್ಟಿ ಹಾಕಿದ್ದಕ್ಕೆ ಅವರಿಗೂ ಏನಾದ್ರೂ ಸಿಗ್ಬೇಕಲ್ಲ, ತಾವು ಕೊಟ್ಟದ್ದರ ಡಬಲ್ ಇಡೋದು ಈ ವ್ಯಾಪಾರದಲ್ಲಿ ತೀರಾ ಮಾಮೂಲು. ನೀವು ಮಾರ್ಲಿಕ್ಕೆ ಹೊರಟ್ರೆ ಈ ಪಾಲು ನಿಮ್ಮ ಕೈಗೆ ಬರೋದಿಲ್ಲ, ಲಾರಿ ಬಾಡಿಗೆಯೂ ಬರೋದಿಲ್ಲ, ಆಚಾರಿ ಕೂಲಿಯೂ ಬರೋದಿಲ್ಲ. ಇನ್ಶೂರೆನ್ಸಿಗೆ ಮಾತ್ರ ಇವೆಲ್ಲ ಲೆಕ್ಕಕ್ಕೆ ಬರ್ತವೆ, ಯಾಕಂದ್ರೆ ಅಲ್ಲಿ ನೀವು ಕೊಳ್ಳುವ ಜಾಗದಲ್ಲಿ ನಿಂತಿರ್ತೀರಿ.

ಇನ್ನು ಆಕ್ಷನ್ ಎಸ್ಟಿಮೇಟ್. ಸುಮಾರು ಜನ ಇದನ್ನು ಗ್ಯಾರಂಟಿ ಅಂದ್ಕೊಳ್ತಾರೆ, ಕೆಳಗಿನ ಅಂಕೆ ಆದ್ರೂ ಸಿಕ್ಕೇ ಸಿಗ್ತದೆ ಅಂತ. ಹಾಗಲ್ಲ. ಎಸ್ಟಿಮೇಟನ್ನು ಬೇಕಂತಲೇ ಸ್ವಲ್ಪ ಕೆಳಗೆ ಇಡ್ತಾರೆ, ಕೆಟಲಾಗ್ ನೋಡಿದವರಿಗೆ ಕೈ ಎತ್ತುವ ಅಂತ ಆಗ್ಬೇಕು, ನಾಲ್ಕು ಜನ ಕೈ ಎತ್ತಿದ್ರೆ ರೇಟು ತಾನಾಗಿ ಮೇಲೆ ಹೋಗ್ತದೆ. ಜಾಸ್ತಿ ಇಟ್ರೆ ಯಾರೂ ಶುರು ಮಾಡೋದಿಲ್ಲ. ಒಳಗಿಂದ ರಿಸರ್ವ್ ಅಂತ ಒಂದು ಗುಟ್ಟಿನ ಬೆಲೆ ಇರ್ತದೆ, ಅದಕ್ಕಿಂತ ಕಮ್ಮಿಗೆ ನಿಮ್ಮ ವಸ್ತು ಕೊಡೋದಿಲ್ಲ, ಈ ರಿಸರ್ವ್ ಸಾಮಾನ್ಯವಾಗಿ ಕೆಳಗಿನ ಎಸ್ಟಿಮೇಟಿಗೆ ಸಮ ಇಲ್ಲ ಅದಕ್ಕಿಂತ ಕಮ್ಮಿ ಇರ್ತದೆ. ಹಾಗಾಗಿ 1.80 ಅಂತ ಬರ್ದಿದ್ರೂ 1.50ಕ್ಕೆ ಹೋಗ್ಲಿಕ್ಕೂ ಸಾಕು, ಮಾರಾಟ ಆಗದೆ ವಾಪಸ್ ಬರ್ಲಿಕ್ಕೂ ಸಾಕು. ವಾಪಸ್ ಬಂದ್ರೆ ಇನ್ನೊಂದು ಪೆಟ್ಟು ಉಂಟು. ಈ ಲೈನಿನವರು ಎಲ್ಲರೂ ಕೆಟಲಾಗ್ ನೋಡ್ತಾರೆ, ಹೋಗದ ವಸ್ತು ಅಂತ ಅವರ ನೆನಪಿನಲ್ಲಿ ಉಳೀತದೆ, ಮುಂದಿನ ಎರಡು ಮೂರು ವರ್ಷ ಅದಕ್ಕೆ ಒಳ್ಳೆ ರೇಟು ಕೇಳೋರು ಸಿಗೋದು ಕಷ್ಟ.

ಈಗ ಮುಖ್ಯ ವಿಷಯ. ನಿಮ್ಮ ಹತ್ರ ಇರುವ 2.50 ಮತ್ತೆ ಆಕ್ಷನಿನ 1.80-2.40, ಇವೆರಡೂ ನೋಡ್ಲಿಕ್ಕೆ ಬೇರೆ, ಆದ್ರೆ ಲೆಕ್ಕ ಹಾಕಿದ್ರೆ ಒಂದೇ ಕಡೆ ಬಂದು ನಿಲ್ತವೆ. ಎಸ್ಟಿಮೇಟಿನ ನಡು 2.10 ಲಕ್ಷ. ಎಸ್ಟಿಮೇಟ್ ಅನ್ನೋದು ಸುತ್ತಿಗೆ ಬೀಳುವ ಬೆಲೆಗೆ ಹೇಳೋದು, ಕೊಳ್ಳುವವರು ಅದರ ಮೇಲೆ ಆಕ್ಷನ್ ಹೌಸಿಗೆ ಬೈಯರ್ಸ್ ಪ್ರೀಮಿಯಂ ಅಂತ ಕೊಡ್ಬೇಕು. 20 ಪರ್ಸೆಂಟ್ ಅಂತ ಹಿಡಿದ್ರೆ 42 ಸಾವಿರ. ಅಲ್ಲಿಗೆ ಕೊಳ್ಳುವವರ ಕಿಸೆಯಿಂದ ಟ್ಯಾಕ್ಸ್ ಬಿಟ್ಟು ಹೋದದ್ದು 2.52 ಲಕ್ಷ. ಫೇರ್ ಮಾರ್ಕೆಟ್ ವ್ಯಾಲ್ಯೂ ಅಂದ್ರೆ ಕೊಳ್ಳುವವರು ಒಟ್ಟು ಎಷ್ಟು ಕೊಟ್ಟು ತಗೊಂಡ್ರು ಅನ್ನೋದು, ಮಾರಿದವರ ಕೈಗೆ ಎಷ್ಟು ಬಂತು ಅನ್ನೋದಲ್ಲ. ಹಾಗಾಗಿ 2.50 ಹೇಳಿದ ವ್ಯಾಲ್ಯುವರ್ ಸರಿಯಾಗೇ ಕೆಲಸ ಮಾಡಿದ್ದಾರೆ ಅಂತ ನನಗೆ ಕಾಣ್ತದೆ, ಅವರು ಬಹುಶಃ ಇಂಥ ಮಂಚಗಳು ನಿಜವಾಗಿ ಹೋದ ಬೆಲೆಗಳನ್ನೇ ನೋಡಿರ್ಬೇಕು. ನೀವೇ ನೆಟ್ಟಲ್ಲಿ ಹುಡುಕುವಾಗಲೂ ಇದು ನೆನಪಿರ್ಲಿ, ಎಸ್ಟಿಮೇಟ್ ಪ್ರೀಮಿಯಂ ಬಿಟ್ಟು ಇರ್ತದೆ, ಆಮೇಲೆ ಹಾಕುವ ರಿಸಲ್ಟಿನಲ್ಲಿ ಹೆಚ್ಚಾಗಿ ಪ್ರೀಮಿಯಂ ಸೇರಿರ್ತದೆ, ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿ ಎಸ್ಟಿಮೇಟಿಗಿಂತ ಇಷ್ಟು ಜಾಸ್ತಿಗೆ ಹೋಯ್ತಲ್ಲ ಅಂತ ಖುಷಿ ಪಟ್ಟವರನ್ನು ತುಂಬ ನೋಡಿದ್ದೇನೆ.

ಹಾಗಾದ್ರೆ ಮಾರಿದ್ರೆ ನಿಮ್ಮ ಕೈಗೆ ಎಷ್ಟು? 2 ಲಕ್ಷಕ್ಕೆ ಸುತ್ತಿಗೆ ಬಿತ್ತು ಅಂತ ಇಟ್ಕೊಳ್ಳಿ. ಮಾರುವವರ ಕಮಿಷನ್ 12 ಪರ್ಸೆಂಟ್ ಅಂದ್ರೆ 24 ಸಾವಿರ, ಆ ಕಮಿಷನ್ ಮೇಲೆ ಜಿಎಸ್‌ಟಿ 18 ಪರ್ಸೆಂಟ್ ಅಂದ್ರೆ 4,320. ಫೋಟೋ, ಕೆಟಲಾಗ್ ಅಂತ ಒಂದು 6 ಸಾವಿರ. ಬ್ರಹ್ಮಾವರದಿಂದ ಬೆಂಗಳೂರಿಗೆ ಪ್ಯಾಕಿಂಗ್, ಸಾಗಾಟ, ದಾರಿಯ ಇನ್ಶೂರೆನ್ಸ್ ಎಲ್ಲ ಸೇರಿ 22 ಸಾವಿರ. ಉಳಿಯೋದು 1,43,680 ರೂಪಾಯಿ. ಕಮಿಷನ್ ಒಂದೊಂದು ಕಡೆ ಒಂದೊಂದು ಥರ, ಮಾತಾಡಿದ್ರೆ ಸ್ವಲ್ಪ ಇಳಿಸ್ತಾರೆ ಕೂಡ, ಆದ್ರೆ ಲೆಕ್ಕದ ದಾರಿ ಇದೇ. ಒಂದೇ ಮಂಚ, ಒಂದು ತುದಿಯಲ್ಲಿ 6.20, ಇನ್ನೊಂದು ತುದಿಯಲ್ಲಿ ಕೈಗೆ ಬರುವ 1.44. ಮಧ್ಯದಲ್ಲಿ ಮೋಸ ಏನೂ ಇಲ್ಲ, ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವ ದಾರಿಯಲ್ಲಿ ಇಷ್ಟು ಖರ್ಚು ಉಂಟು ಅಷ್ಟೇ.

ನಿಮ್ಮಣ್ಣನ ಲೆಕ್ಕದಲ್ಲಿ ಹೋದ್ರೆ ಏನಾಗ್ತದೆ ನೋಡಿ. 6.20 ಲಕ್ಷವನ್ನು ಮೂರು ಪಾಲು ಮಾಡಿದ್ರೆ ಒಂದು ಪಾಲು 2,06,667. ಇಬ್ರಿಗೆ ಕೊಡ್ಬೇಕಾದ್ದು 4,13,333. ಅಂದ್ರೆ ಮಾರಿದ್ರೆ ಒಂದೂವರೆ ಲಕ್ಷವೂ ಬಾರದ ವಸ್ತುವಿಗೆ ನೀವು ಕೈಯಿಂದ ನಾಲ್ಕು ಲಕ್ಷದ ಮೇಲೆ ಹಾಕಿದ ಹಾಗಾಯ್ತು. 2.50ರಲ್ಲಿ ಹೋದ್ರೆ ಒಂದು ಪಾಲು 83,333, ಇಬ್ರಿಗೆ 1,66,667. ವ್ಯತ್ಯಾಸ ಎರಡು ಲಕ್ಷದ 46 ಸಾವಿರ ಚಿಲ್ಲರೆ. ಅಣ್ಣನ ಹತ್ರ ಜಗಳಕ್ಕೆ ಹೋಗುವ ಬದಲು ಒಂದೇ ಮಾತು ಕೇಳಿ, "6.20 ಸರಿ ಅಂತ ಆದ್ರೆ ಮಂಚ ನೀನೇ ತಗೋ, ನಮ್ಮಿಬ್ರಿಗೆ ಎರಡೆರಡು ಲಕ್ಷ ಕೊಡು" ಅಂತ. ಇದನ್ನು ಕುಹಕಕ್ಕೆ ಹೇಳ್ತಿಲ್ಲ, ನ್ಯಾಯವಾದ ಬೆಲೆ ಅಂದ್ರೆ ಯಾವ ಕಡೆ ನಿಂತ್ರೂ ಒಪ್ಪುವ ಹಾಗಿರ್ಬೇಕು, ತಗೊಳ್ಳುವವರಾದ್ರೂ ಸರಿ ಬಿಟ್ಟುಕೊಡುವವರಾದ್ರೂ ಸರಿ.

ಹಾಗಂತ ನೀವು ಇನ್ನೊಂದು ತುದಿಗೆ ಹೋಗಿ 1.44ರ ಲೆಕ್ಕದಲ್ಲಿ ಕೊಡ್ತೇನೆ ಅಂದ್ರೆ ಅದೂ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಕೆಲವರು ಹೀಗೆ ವಾದ ಮಾಡ್ತಾರೆ, ಮಾರಿದ್ರೆ ಅಷ್ಟೇ ಅಲ್ವಾ ಬರೋದು ಅಂತ. ಆದ್ರೆ ನೀವು ಮಾರ್ತಾ ಇಲ್ಲ, ಕಮಿಷನ್, ಲಾರಿ ಬಾಡಿಗೆ ಯಾವುದನ್ನೂ ನೀವು ಕೊಡ್ತಾ ಇಲ್ಲ, ಮಂಚ ಇದ್ದಲ್ಲೇ ಇರ್ತದೆ, ಹಾಗಿರುವಾಗ ಆಗದ ಖರ್ಚನ್ನು ಅಣ್ಣನ ಪಾಲಿನಿಂದ ಕಳಿಯೋದು ಹೇಗೆ? ಮೂರು ಜನರಿಗೂ ಬೇಡ, ಮಾರುವ ಅಂತ ಆದ್ರೆ ಮಾತ್ರ ಕೈಗೆ ಬಂದದ್ದನ್ನು ಮೂರು ಪಾಲು ಮಾಡೋದು. ಒಬ್ರು ಇಟ್ಕೊಳ್ಳೋದಾದ್ರೆ ಫೇರ್ ಮಾರ್ಕೆಟ್ ವ್ಯಾಲ್ಯೂ. ಎಲ್ಲರೂ ಕೂತು ಬೇರೆ ಅಂಕೆಗೆ ಒಪ್ಪಿದ್ರೆ ಅದು ನಿಮ್ಮ ಇಷ್ಟ, ಆದ್ರೆ ಪಾಲುಪಟ್ಟಿಯಲ್ಲಿ ಯಾವ ಬೆಲೆ, ಯಾವ ತಾರೀಕಿನದ್ದು ಅಂತ ಬರೆದಿರ್ಲಿ.

ಒಂದು ತೊಂದರೆ ಮಾತ್ರ ಉಳೀತದೆ, ಆ ಎದುರಿನ ಎರಡು ಕಾಲು. ಇದನ್ನು ಸಣ್ಣ ವಿಷಯ ಅಂತ ಬಿಡ್ಬೇಡಿ. 2022ರ ರಿಪೋರ್ಟಿನಲ್ಲಿ ಕಾಲಿನ ವಿಷಯ ಬರ್ದಿದ್ಯಾ ನೋಡಿ, ಬರ್ದಿಲ್ಲ ಅಂದ್ರೆ ಆ ವ್ಯಾಲ್ಯುವರ್ ಎಲ್ಲವೂ ಮೂಲದ್ದೇ ಅಂತ ಹಿಡಿದು ರೇಟು ಹಾಕಿದ್ದಾರೆ, ಆಗ ಮೂರು ಜನ ಮೂರು ಪ್ರಶ್ನೆಗೆ ಉತ್ತರ ಕೊಟ್ಟದ್ದು ಮಾತ್ರ ಅಲ್ಲ, ಎರಡು ಬೇರೆ ಮಂಚಗಳ ಬಗ್ಗೆ ಮಾತಾಡಿದ ಹಾಗೆ ಆಯ್ತು. ಮನೆಯಲ್ಲೇ ಸ್ವಲ್ಪ ಪರೀಕ್ಷೆ ಮಾಡ್ಬಹುದು. ಪಾಲಿಶ್ ಇಲ್ಲದ ಜಾಗ ನೋಡಿ, ಕಾಲಿನ ಅಡಿ, ಪಟ್ಟಿ ಸೇರುವ ಗೂಟದ ಒಳಬದಿ. ಹಳೆ ಬೀಟಿ ಅಲ್ಲಿ ಒಣಗಿ ಮಾಸಿ ಕಂದು ತಿರುಗಿರ್ತದೆ, ಹೊಸ ಮರದ ಕಡಿತ ಬೇರೆ ಬಣ್ಣ ತೋರಿಸ್ತದೆ. ಕೈಗರಗಸದ ಗೆರೆ ನೇರ ಇರ್ತದೆ, ಒಂದಕ್ಕೊಂದು ಸ್ವಲ್ಪ ಓರೆಕೋರೆ, ಮಿಷನ್ನಿನ ಚಕ್ರಗರಗಸ ಆದ್ರೆ ಬಿಲ್ಲಿನ ಹಾಗೆ ಬಾಗಿದ ಗೆರೆ ಬಿಡ್ತದೆ. ಕಡಚಲು ಕೆಲಸ ನಾಲ್ಕೂ ಕಾಲಿನಲ್ಲಿ ಒಂದೇ ಅಳತೆ ಉಂಟಾ ಅಂತ ದಾರ ಹಿಡಿದು ನೋಡಿ, ಕೈಯಲ್ಲಿ ಕಡೆದದ್ದರಲ್ಲಿ ಕೂದಲೆಳೆ ಹೆಚ್ಚುಕಮ್ಮಿ ಇದ್ದೇ ಇರ್ತದೆ, ಆದ್ರೆ ಎದುರಿನ ಎರಡು ಮಾತ್ರ ಒಂದು ಥರ, ಹಿಂದಿನ ಎರಡು ಇನ್ನೊಂದು ಥರ ಇದ್ರೆ ಅನುಮಾನ ಸರಿ. ನಮ್ಮ ಕಡೆ ಇದು ತೀರಾ ಸಾಮಾನ್ಯ, ಮಳೆಗಾಲದಲ್ಲಿ ಮಣ್ಣಿನ ನೆಲದ ಥಂಡಿಗೆ ಕಾಲಿನ ಬುಡ ಲಡ್ಡಾಗಿ ಅಜ್ಜಂದಿರೇ ಬದಲಾಯಿಸಿರ್ತಾರೆ. ಅಜ್ಜಂದಿರ ಕಾಲದಲ್ಲೇ ಆದ ರಿಪೇರಿ ಆದ್ರೆ ಬೆಲೆ ಅಷ್ಟೇನೂ ಬೀಳೋದಿಲ್ಲ, ಮೊನ್ನೆ ಮೊನ್ನೆ ಬೇರೆ ಮರ ಹಾಕಿ ಬಣ್ಣ ಬಳಿದದ್ದಾದ್ರೆ ಬೀಳ್ತದೆ. ಪರೀಕ್ಷೆ ಮಾಡುವ ನೆಪದಲ್ಲಿ ಉಜ್ಜಿ ಪಾಲಿಶ್ ತೆಗೆಯೋದು, ಹೊಳಪಿಗೆ ವಾರ್ನಿಷ್ ಹೊಡೆಯೋದು ಮಾತ್ರ ದಯವಿಟ್ಟು ಮಾಡ್ಬೇಡಿ. ಆ ಹಳೆ ಮೈಯನ್ನು ಒಂದ್ಸಲ ಕಿತ್ರೆ ವಾಪಸ್ ಬರೋದಿಲ್ಲ. ಎಸ್ಟಿಮೇಟ್ ಕೊಟ್ಟವರು ಬರೇ ಫೋಟೋ ನೋಡಿ ಹೇಳಿದ್ದು, ಎದುರು ನಿಂತು ನೋಡಿದ ಮೇಲೆ ಅವರೂ ಬದಲಾಯಿಸ್ಬಹುದು.

ಅಣ್ಣ ಇನ್ನೊಂದು ವಾದ ತೆಗೀಬಹುದು, ವಿದೇಶದ ವೆಬ್‌ಸೈಟಿನಲ್ಲಿ ಇಂಥದ್ದು ಹತ್ತು ಹದಿನೈದು ಲಕ್ಷಕ್ಕೆ ಉಂಟು ಅಂತ. ಅಲ್ಲಿ ಇರೋದು ಕೇಳುವ ಬೆಲೆ, ಕೊಟ್ಟ ಬೆಲೆ ಅಲ್ಲ, ಅದು ಒಂದು. ಇನ್ನೊಂದು, ಆ ಮಂಚ ಲಂಡನ್ನಿನಲ್ಲಿ ಉಂಟು, ನಿಮ್ಮದು ಬ್ರಹ್ಮಾವರದಲ್ಲಿ. 1972ರ ಆಂಟಿಕ್ವಿಟೀಸ್ ಅಂಡ್ ಆರ್ಟ್ ಟ್ರೆಷರ್ಸ್ ಆಕ್ಟ್ ಪ್ರಕಾರ ನೂರು ವರ್ಷ ದಾಟಿದ ಕಲೆ, ಕುಶಲಕೆಲಸದ ವಸ್ತುವನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ಬೀಟಿ ಮರದ್ದು ಅಂದ್ಮೇಲೆ 2017ರಿಂದ ಬೀಟಿಯ ಇಡೀ ಕುಲವೇ ಸೈಟಿಸ್ ಪಟ್ಟಿಯಲ್ಲಿದ್ದು, ಅಂದ್ರೆ ಅಪಾಯದಲ್ಲಿರುವ ಗಿಡ ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿದ್ದು, ಅದಕ್ಕೆ ಬೇರೆ ಕಾಗದಪತ್ರದ ನಿಯಮ ಉಂಟು. ಲಂಡನ್ನಿನ ಗಿರಾಕಿ ನಿಮ್ಮ ಮಂಚ ಕೊಂಡು ಒಯ್ಯಲಿಕ್ಕೇ ಆಗೋದಿಲ್ಲ, ಹಾಗಾಗಿ ಅವನ ದುಡ್ಡು ನಿಮ್ಮ ಮಾರ್ಕೆಟ್ಟಿಗೆ ಬರೋದೂ ಇಲ್ಲ. ನಿಮ್ಮ ಮಾರ್ಕೆಟ್ ಅಂದ್ರೆ ಬೆಂಗಳೂರು, ಮುಂಬೈ, ಗೋವಾ, ಕೊಚ್ಚಿ ಇಷ್ಟರ ಒಳಗಿನ ಹೋಟೆಲು, ಹೋಮ್‌ಸ್ಟೇ, ದೊಡ್ಡ ಮನೆಯವರು. ಅದೂ ಮಂಚ ಅನ್ನೋದು ಕಷ್ಟದ ವಸ್ತು, ಹಳೆಯದಕ್ಕೆ ಈಗಿನ ಹಾಸಿಗೆ ಅಳತೆ ಕೂರೋದಿಲ್ಲ, ಫ್ಲಾಟಿನ ಲಿಫ್ಟಿಗೆ ಹಿಡಿಯೋದಿಲ್ಲ, ಚಪ್ಪರ ಸೀಲಿಂಗಿಗೆ ತಾಗ್ತದೆ. ಇದೇ ಬೀಟಿಯ ಸಣ್ಣ ಬರೆಯುವ ಮೇಜು ಇದ್ದಿದ್ರೆ ಅಂಗಡಿ ಬೆಲೆಗೂ ಮಾರ್ಕೆಟ್ ಬೆಲೆಗೂ ಇಷ್ಟು ಅಂತರ ಇರ್ತಿರ್ಲಿಲ್ಲ. ಹಳೆ ಮನೆ ಬಿಚ್ಚುವವರು ಬಂದು ಮರದ ಲೆಕ್ಕದಲ್ಲಿ, ಸಿಎಫ್‌ಟಿಗೆ, ಅಂದ್ರೆ ಒಂದು ಘನ ಅಡಿ ಮರಕ್ಕೆ, ಇಷ್ಟು ಅಂತ ಕೇಳಿದ್ರೆ ಅದೂ ಒಂದು ಬೆಲೆ, ಆದ್ರೆ ಅದು ಮಂಚವನ್ನು ಒಡೆದ್ರೆ ಬರುವ ಬೆಲೆ. ಅದಕ್ಕೆ ಒಪ್ಪಬೇಡಿ ಅಂತ ಕೈ ಮುಗಿದು ಹೇಳ್ತೇನೆ, ಹಾಗೆ ಹೋದ ಎಷ್ಟೋ ಒಳ್ಳೆ ಕೆಲಸಗಳು ಹೋಟೆಲಿನ ಬಾರ್ ಕೌಂಟರ್ ಆದದ್ದನ್ನು ನೋಡಿದ್ದೇನೆ. ಇಂಥ ಮಂಚ ಕಪಾಟು ಎಲ್ಲ ತಮ್ಮ ತಮ್ಮ ಕೋಣೆಯಲ್ಲಿ ಹೇಗೆ ನಿಲ್ತಿತ್ತು ಅಂತ ನೋಡ್ಬೇಕಾದ್ರೆ ಒಂದ್ಸಲ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋಗಿ ಬನ್ನಿ, ಬೇಕಾದ್ರೆ ಅಣ್ಣನನ್ನೂ ಕರ್ಕೊಂಡು ಹೋಗಿ.

ಇನ್ಶೂರೆನ್ಸಿನ ಕಡೆ ಬಂದ್ರೆ, 6.20 ಪಾಲಿಗೆ ತಪ್ಪು ಅಂತ ಹೇಳಿದೆ, ಅದನ್ನು ಕೇಳಿ ನೀವು ಪಾಲಿಸಿಯನ್ನು 2.50ಕ್ಕೆ ಇಳಿಸಿದ್ರೆ ಅದೂ ತಪ್ಪು. ಹಾಗೆ ಮಾಡಿದ್ರೆ ನಷ್ಟ ಆದ ದಿನ ಸಿಗುವ ದುಡ್ಡಿನಲ್ಲಿ ಅಂಥ ಮಂಚ ಅಂಗಡಿಯಿಂದ ತರ್ಲಿಕ್ಕಾಗೋದಿಲ್ಲ. ಆದ್ರೆ 6.20 ಅಂತ ಪಾಲಿಸಿಯಲ್ಲಿ ಬರ್ದಿದ್ದ ಮಾತ್ರಕ್ಕೆ ಅಷ್ಟೇ ಕೈಗೆ ಬರ್ತದೆ ಅಂತಲೂ ಅಲ್ಲ. ಅಗ್ರೀಡ್ ವ್ಯಾಲ್ಯೂ ಅಂತ ಒಪ್ಪಂದ ಆಗಿದ್ರೆ ಪೂರ್ತಿ ನಾಶ ಆದಾಗ ಆ ಅಂಕೆ, ಇಲ್ಲಾಂದ್ರೆ ಸರ್ವೇಯರ್ ಬಂದು ನಷ್ಟ ಎಷ್ಟು ಅಂತ ಲೆಕ್ಕ ಹಾಕ್ತಾರೆ, ಜಾಸ್ತಿ ಬರೆಸಿದ್ದಕ್ಕೆ ವರ್ಷ ವರ್ಷ ಪ್ರೀಮಿಯಂ ಕಟ್ಟಿದ್ದೇ ಲಾಭ. 2021ರ ಏಪ್ರಿಲ್ 1ರಿಂದ ಬಂದ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಮನೆ ಸಾಮಾನು ಬೇರೆ, ಬೆಲೆಬಾಳುವ ವಸ್ತು ಬೇರೆ, ಆಂಟಿಕ್ ವಸ್ತು ಎರಡನೆಯದರಲ್ಲಿ ಬರ್ತದೆ, ಅದನ್ನು ಕೇಳಿ ಸೇರಿಸ್ಬೇಕು, ತಾನಾಗಿ ಬರೋದಿಲ್ಲ. ಒಟ್ಟು 5 ಲಕ್ಷದೊಳಗೆ ಮತ್ತೆ ಒಂದೊಂದು ವಸ್ತು 1 ಲಕ್ಷದೊಳಗೆ ಇದ್ರೆ ವ್ಯಾಲ್ಯುವೇಶನ್ ಸರ್ಟಿಫಿಕೇಟ್ ಬೇಡ, ನಿಮ್ಮ ಮಂಚ ಅದಕ್ಕಿಂತ ಮೇಲೆ, ಹಾಗಾಗಿ ಬೇಕು. ಕಾಲಿನ ವಿಷಯ ಸೇರಿಸಿ ಹೊಸ ರಿಪೋರ್ಟ್ ಮಾಡ್ಸಿದ್ರೆ ಅಂಕೆ 6.20ಕ್ಕಿಂತ ಕಮ್ಮಿ ಆದೀತು, ಆಗ್ಲಿ, ಕ್ಲೇಮಿನ ದಿನ ಸರ್ವೇಯರ್ ಆ ಕಾಲನ್ನು ತೋರಿಸಿ ತಕರಾರು ತೆಗೆಯೋದಕ್ಕಿಂತ ಈಗಲೇ ಕಮ್ಮಿ ಆಗೋದು ಒಳ್ಳೇದು. ನಮ್ಮ ಊರಿಗೆ ಮುಖ್ಯವಾದ ಇನ್ನೊಂದು ಮಾತು, ಒರಲೆ ತಿಂದದ್ದು, ಥಂಡಿಗೆ ಬಿರುಕು ಬಿಟ್ಟದ್ದು, ಕ್ರಮೇಣ ಹಾಳಾದದ್ದು ಇಂಥ ಪಾಲಿಸಿಯಲ್ಲಿ ಬರೋದಿಲ್ಲ, ಅದಕ್ಕೆ ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ಕಾಲಿನ ಬುಡ ತಟ್ಟಿ ನೋಡೋದೇ ದಾರಿ.

ಕೊನೆಗೆ ರಿಪೋರ್ಟಿನ ವಿಷಯ. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ಮಂಗಳೂರಿನ ಒಂದು ಮನೆಗೆ ಕಪಾಟಿನ ಇನ್ಶೂರೆನ್ಸ್ ರಿಪೋರ್ಟ್ ಬರೆದಿದ್ದೆ, ಯಾವ ಉದ್ದೇಶಕ್ಕೆ ಅಂತ ಮೇಲೆ ಬರೀಲಿಲ್ಲ, ಬರೇ "ಮೌಲ್ಯ ಇಷ್ಟು" ಅಂತ. ಕೆಲವು ವರ್ಷದ ನಂತರ ಆ ಮನೆಯವರು ಅದೇ ಕಾಗದ ಹಿಡಿದು ಪಾಲು ಮಾಡಿದ್ರು, ಕಪಾಟು ತಗೊಂಡ ಕಿರಿಯ ಮಗಳು ಉಳಿದವರಿಗೆ ಕೊಟ್ಟ ದುಡ್ಡು ಆಮೇಲೆ ಆಕೆ ಕಪಾಟು ಮಾರುವಾಗ ಸಿಕ್ಕಿದ್ದರ ಡಬಲಿಗಿಂತ ಜಾಸ್ತಿ. ಆಕೆ ನನ್ನನ್ನು ಬೈಲಿಲ್ಲ, ಆದ್ರೆ ಆ ತಪ್ಪು ನನ್ನದೇ, ಇವತ್ತಿಗೂ ಮನಸ್ಸಿಗೆ ಚುಚ್ತದೆ. ಅವತ್ತಿನಿಂದ ಮೊದಲ ಸಾಲಿನಲ್ಲೇ ಉದ್ದೇಶ, ಯಾವ ತಾರೀಕಿನ ಬೆಲೆ, ಯಾವ ಮಾರ್ಕೆಟ್ಟಿನ ಬೆಲೆ ಅಂತ ಬರೀತೇನೆ. ನೀವು 2022ರ ರಿಪೋರ್ಟ್ ತೆಗೆದು ನೋಡಿ, ಇನ್ಶೂರೆನ್ಸಿಗೆ, ರಿಪ್ಲೇಸ್‌ಮೆಂಟ್ ವ್ಯಾಲ್ಯೂ ಅಂತ ಎಲ್ಲಾದ್ರೂ ಬರ್ದಿದ್ರೆ ಆ ಪುಟದ ಫೋಟೋ ತೆಗ್ದು ಅಣ್ಣನಿಗೆ ಕಳ್ಸಿ, ನಿಮ್ಮ ಅರ್ಧ ಕೆಲಸ ಆಯ್ತು. 2.50 ಹೇಳಿದವರ ಹತ್ರ ಬಾಯಿ ಮಾತು ಬೇಡ, ಪಾಲಿನ ಉದ್ದೇಶಕ್ಕೆ ಅಂತ ಹೇಳಿ ಲಿಖಿತದಲ್ಲಿ ತಗೊಳ್ಳಿ, ಅದ್ರಲ್ಲಿ ಕಾಲಿನ ಸ್ಥಿತಿ ಮತ್ತೆ ಯಾವ ಯಾವ ಮಾರಾಟ ನೋಡಿ ಈ ಬೆಲೆ ಹೇಳಿದ್ದು ಅನ್ನೋದು ಇರ್ಬೇಕು. ಫೀಸು ಮೊದಲೇ ನಿಗದಿ ಆಗಿರ್ಲಿ, ಬೆಲೆಯ ಇಷ್ಟು ಪರ್ಸೆಂಟ್ ಅನ್ನುವವರ ಹತ್ರ ಮಾಡಿಸ್ಬೇಡಿ, ಬೆಲೆ ಹೇಳಿ ನಾನೇ ತಗೊಳ್ತೇನೆ ಅನ್ನುವವರ ಹತ್ರವೂ ಬೇಡ. ವ್ಯಾಲ್ಯುವರ್ ಯಾರು ಅಂತ ಮೂರು ಜನರೂ ಮೊದಲೇ ಒಪ್ಪಿ, ಫೀಸನ್ನೂ ಮೂರು ಪಾಲು ಮಾಡಿ ಕೊಡಿ, ಆಗ ಬಂದ ಅಂಕೆಯನ್ನು ತಂಗಿ ಕಡೆಯವರದ್ದು ಅಂತ ಅಣ್ಣ ತಳ್ಳಿಹಾಕ್ಲಿಕ್ಕೆ ಆಗೋದಿಲ್ಲ.